ಬಿಲ್ ಇಲ್ಲದ 2,800 ರೂಪಾಯಿ

ನಾನು ಅರ್ಜಿ ಹಾಕಿದ ವಿದ್ಯಾರ್ಥಿವೇತನದ ಫಾರಂನಲ್ಲಿ ಕೊನೆಯ ಪ್ರಶ್ನೆ ಹೀಗಿತ್ತು: ಶಾಲೆ ಅಥವಾ ಕಾಲೇಜಿನಲ್ಲಿ ನೀವು ವಹಿಸಿಕೊಂಡ ಒಂದು ಜವಾಬ್ದಾರಿಯಲ್ಲಿ ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯದ ಸಂದರ್ಭ ಬಂದಿತ್ತೇ? ಆಗ ಹೇಗೆ ತೀರ್ಮಾನಿಸಿದಿರಿ? ಅಲ್ಲಿ ಒಂದು ಪುಟಕ್ಕೆ ಮಾತ್ರ ಜಾಗವಿತ್ತು. ಪತ್ರಿಕೆಯ ಸಂಪಾದಕರು ಕೇಳಿದ್ದರಿಂದ ಬಿಟ್ಟುಹೋದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಹಣ ಕದ್ದವರ ಕಥೆ ಇದಲ್ಲ. ಇದರಲ್ಲಿ ಯಾರೂ ಒಂದು ರೂಪಾಯಿಯನ್ನೂ ಜೇಬಿಗೆ ಹಾಕಿಕೊಂಡಿಲ್ಲ. ಹಾಗಿದ್ದೂ ನನಗೆ ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈ ವರ್ಷ ನಾನು ವಾಣಿಜ್ಯ ಸಂಘದ ಖಜಾಂಚಿ. ಅಬ್ಬಾ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ, ಅದಕ್ಕೇ ಹೆಸರು ಸೂಚಿಸುವಾಗ ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ನಾವು ಮಾತಾಡುವುದು ಉರ್ದು, ಆದರೆ ಅಬ್ಬಾನ ಖಾತೆ ಪುಸ್ತಕ ಕನ್ನಡದಲ್ಲಿದೆ. ಡೆಬಿಟ್, ಕ್ರೆಡಿಟ್ ಎಂದು ಕಲಿಯುವ ಮೊದಲೇ ನನಗೆ ಜಮಾ, ಖರ್ಚು, ಕಚ್ಚಾ ಬಿಲ್, ಪಕ್ಕಾ ಬಿಲ್ ಎಂಬ ಮಾತುಗಳು ಗೊತ್ತಿದ್ದವು.

ಡಿಸೆಂಬರ್‌ನಲ್ಲಿ ವಾಣಿಜ್ಯ ದಿನಾಚರಣೆ ನಡೆಯಿತು. ನಿಮಗೆ ನೆನಪಿರಬಹುದು, ಮೈದಾನದಲ್ಲಿ ಹನ್ನೊಂದು ಸ್ಟಾಲ್‌ಗಳಿದ್ದವು, ಮಂಡಕ್ಕಿ-ಮೆಣಸಿನಕಾಯಿ ಸ್ಟಾಲ್ ಎಲ್ಲರಿಗಿಂತ ಮೊದಲು ಖಾಲಿಯಾಯಿತು. ಅದಕ್ಕಾಗಿ 186 ವಿದ್ಯಾರ್ಥಿಗಳಿಂದ ತಲಾ 100 ರೂಪಾಯಿಯಂತೆ 18,600 ರೂಪಾಯಿ ಸಂಗ್ರಹಿಸಿ ಕಚೇರಿಗೆ ಕಟ್ಟಿದ್ದೆವು. ನಮ್ಮ ಕಚೇರಿಯ ಪದ್ಧತಿಯಲ್ಲಿ ಆ ಹಣದಲ್ಲಿ ಸ್ವಲ್ಪ ಭಾಗವನ್ನು ಖಜಾಂಚಿಗೆ ಮುಂಗಡವಾಗಿ ಕೊಡುತ್ತಾರೆ. ಕಾರ್ಯಕ್ರಮ ಮುಗಿದು ಹದಿನೈದು ದಿನದೊಳಗೆ ಬಿಲ್‌ಗಳನ್ನು ಲಗತ್ತಿಸಿ ಲೆಕ್ಕ ಒಪ್ಪಿಸಬೇಕು. ಮುಂಗಡಕ್ಕಿಂತ ಹೆಚ್ಚು ಖರ್ಚಾಗಿದ್ದರೆ ಹೆಚ್ಚುವರಿಯನ್ನು ಆಮೇಲೆ ಕೊಡುತ್ತಾರೆ. ನನ್ನ ಕೈಗೆ ಬಂದ ಮುಂಗಡ 10,000 ರೂಪಾಯಿ.

ಶಾಮಿಯಾನ, ಮೇಜು, ಕುರ್ಚಿಗಳ ಬಾಡಿಗೆ 5,200, ಬ್ಯಾನರ್ 1,150, ಪ್ರಮಾಣಪತ್ರಗಳ ಮುದ್ರಣ 940, ಬಹುಮಾನದ ಪುಸ್ತಕಗಳು 2,110. ಒಟ್ಟು 9,400 ರೂಪಾಯಿ, ಎಲ್ಲಕ್ಕೂ ಬಿಲ್ ಇತ್ತು. ತೊಂದರೆ ಬಂದದ್ದು ಉಳಿದ ಮೂರು ಖರ್ಚುಗಳಲ್ಲಿ. ವೇದಿಕೆಗೆ ತಂದ ಹೂವಿಗೆ 1,400. ಸಾಮಾನು ಸಾಗಿಸಿದ ಲಗೇಜ್ ಆಟೋಗೆ ಮೂರು ಟ್ರಿಪ್‌ಗೆ 900. ಸಂಜೆ ಮೈದಾನ ಗುಡಿಸಿದ ಇಬ್ಬರು ಹೆಂಗಸರಿಗೆ ತಲಾ 250ರಂತೆ 500. ಈ 2,800 ರೂಪಾಯಿಗೆ ಒಂದು ಚೀಟಿಯೂ ಇರಲಿಲ್ಲ. ಹೂವು ಮತ್ತು ಆಟೋದ 2,300 ರೂಪಾಯಿಯನ್ನು ಅಲಂಕಾರದ ಹೊಣೆ ಹೊತ್ತಿದ್ದ ನನ್ನ ಗೆಳತಿ ತನ್ನ ಕೈಯಿಂದ ಕೊಟ್ಟಿದ್ದಳು. ಕೈಯಿಂದ ಎಂದರೆ ಅವಳ ಅಮ್ಮನ ಕೈಯಿಂದ. ಅವರು ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಅದರಲ್ಲಿ 1,200 ರೂಪಾಯಿ ಸ್ವಸಹಾಯ ಸಂಘದ ಸಾಲದ ಕಂತಿಗೆಂದು ಎತ್ತಿಟ್ಟದ್ದು. ಕಂತು ಕಟ್ಟುವ ದಿನ ಮುಂದಿನ ಸೋಮವಾರ.

ಕಚೇರಿಯಲ್ಲಿ ಲೆಕ್ಕ ನೋಡುವವರು ನನ್ನ ಫೈಲನ್ನು ಐದು ನಿಮಿಷದಲ್ಲಿ ಹಿಂದಕ್ಕೆ ಕೊಟ್ಟರು. ಬಿಲ್ ಇಲ್ಲದ್ದನ್ನು ಪಾಸ್ ಮಾಡಲು ಬರುವುದಿಲ್ಲ, ಬಿಲ್ ತನ್ನಿ ಎಂದರು. ಅವರನ್ನು ದೂರುವುದಿಲ್ಲ, ಅವರ ಫೈಲನ್ನೂ ಮೇಲಿನವರು ನೋಡುತ್ತಾರೆ.

ಅಂದು ಮಧ್ಯಾಹ್ನವೇ ಕಳೆದ ವರ್ಷದ ಖಜಾಂಚಿಯಾಗಿದ್ದ ಭಾಯ್ ಸಿಕ್ಕರು. ವಿಷಯ ಕೇಳಿ ನಕ್ಕು, ಮರುದಿನ ಒಂದು ಕಾಗದ ತಂದುಕೊಟ್ಟರು. ಫ್ಯಾನ್ಸಿ ಸ್ಟೋರ್ ಒಂದರ ಬಿಲ್. ಮೇಲೆ ಅಂಗಡಿಯ ಹೆಸರು, ಕೆಳಗೆ ಸೀಲು ಮತ್ತು ಸಹಿ, ನಡುವೆ ಎಲ್ಲವೂ ಖಾಲಿ. ‘ಅಲಂಕಾರ ಸಾಮಗ್ರಿ 2,800 ಅಂತ ಬರಿ, ಸಾಕು. ನೀನೇನು ತಿಂದಿಲ್ಲವಲ್ಲ? ಖರ್ಚು ನಿಜ. ಕಾಗದ ಅಷ್ಟೇ ಬೇರೆ’ ಎಂದರು. ಅವರು ಕೆಟ್ಟವರಲ್ಲ. ನನಗೆ ಸಹಾಯ ಮಾಡಲೆಂದೇ ಬಿಸಿಲಲ್ಲಿ ಹೋಗಿ ತಂದಿದ್ದರು.

ಅವರ ಮಾತಿನಲ್ಲಿ ಬಲವಿತ್ತು. ನಾನು ಅದನ್ನು ಸುಲಭವಾಗಿ ತಳ್ಳಿಹಾಕಿದೆ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಒಂದು ಕಡೆ ನಿಜವಾದ ಖರ್ಚಿಗೆ ಸುಳ್ಳು ಕಾಗದ. ಇನ್ನೊಂದು ಕಡೆ ನಿಜ ಹೇಳಿದರೆ ಒಬ್ಬ ಬಡ ತಾಯಿಗೆ 2,300 ರೂಪಾಯಿ ನಷ್ಟ. ಹೂವು ಮಾರುವವರು, ಆಟೋ ಓಡಿಸುವವರು ಬಿಲ್ ಕೊಡದಿರುವುದು ಮೋಸವೂ ಅಲ್ಲ. ಜಿಎಸ್‌ಟಿಯಲ್ಲಿ ನಮ್ಮ ರಾಜ್ಯದಲ್ಲಿ ಸರಕು ಮಾರುವವರು ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ, ಸೇವೆ ಕೊಡುವವರು 20 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ಮಾರುಕಟ್ಟೆಯಲ್ಲಿ ಗೋಣಿಚೀಲ ಹಾಸಿ ಕೂತ ಹೂವಿನವರು ಆ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ. ಅವರಲ್ಲಿ ಬಿಲ್ ಪುಸ್ತಕ ಇರಬೇಕೆಂದು ಬಯಸುವುದೇ ಅರ್ಥವಿಲ್ಲದ್ದು. ಹಾಗಾದರೆ ತಪ್ಪು ನಿಯಮದ್ದೇ ಅಲ್ಲವೇ, ತಪ್ಪು ನಿಯಮಕ್ಕೆ ಸುಳ್ಳು ಕಾಗದ ಕೊಟ್ಟರೆ ಏನಾಯಿತು ಎಂದೂ ಯೋಚಿಸಿದೆ.

ಖಾಲಿ ಬಿಲ್ಲನ್ನು ಲೆಕ್ಕಶಾಸ್ತ್ರ ಪುಸ್ತಕದೊಳಗೆ ಇಟ್ಟುಕೊಂಡು ಮನೆಗೆ ಹೋದೆ. ರಾತ್ರಿ ಒಂದು ಹಾಳೆಯಲ್ಲಿ, ಇದನ್ನು ತುಂಬಿದರೆ ಯಾರ ಲೆಕ್ಕದಲ್ಲಿ ಏನು ಬದಲಾಗುತ್ತದೆ ಎಂದು ಬರೆಯತೊಡಗಿದೆ. ಲೆಕ್ಕ ಓದುವವರಿಗೆ ಇದೊಂದು ಚಟ, ಪ್ರತಿ ಡೆಬಿಟ್‌ಗೂ ಎಲ್ಲೋ ಒಂದು ಕ್ರೆಡಿಟ್ ಇರಲೇಬೇಕು.

ಮೊದಲು ಅಂಗಡಿಯವರದು. ನಮ್ಮ ಫೈಲಿನಲ್ಲಿ ಅವರು 2,800 ರೂಪಾಯಿಯ ಸಾಮಾನು ಮಾರಿದ್ದಾರೆ ಎಂದಿರುತ್ತದೆ. ಅವರು ಅದನ್ನು ತಮ್ಮ ಮಾರಾಟದಲ್ಲಿ ತೋರಿಸಿದರೆ ಮಾಡದ ವ್ಯಾಪಾರಕ್ಕೆ ಅವರ ಪುಸ್ತಕ ಸುಳ್ಳಾಗುತ್ತದೆ, ತೋರಿಸದಿದ್ದರೆ ಅವರ ಬಿಲ್ ಪುಸ್ತಕದ ನಕಲಿಗೂ ನಮ್ಮ ಪ್ರತಿಗೂ ತಾಳೆಯಾಗುವುದಿಲ್ಲ. ಆಮೇಲೆ ಮುಂದಿನ ವರ್ಷದ ಖಜಾಂಚಿ. ಅವನೋ ಅವಳೋ ಬಜೆಟ್ ಮಾಡಲು ನನ್ನ ಫೈಲನ್ನೇ ತೆರೆಯುವುದು. ಅದರಲ್ಲಿ ಹೂವಿಗೆ ಸೊನ್ನೆ, ಆಟೋಗೆ ಸೊನ್ನೆ, ಗುಡಿಸಲು ಸೊನ್ನೆ ಎಂದಿದ್ದರೆ ಆ ಖರ್ಚುಗಳಿಗೆ ಹಣ ಇಡುವುದೇ ಇಲ್ಲ, ಮತ್ತೆ ಯಾರದೋ ಅಮ್ಮ ಕೈಯಿಂದ ಕೊಡಬೇಕಾಗುತ್ತದೆ.

ಮೂರನೆಯದನ್ನು ಬರೆಯುವಾಗ ನನ್ನ ಪೆನ್ನು ನಿಂತಿತು. ಮೈದಾನ ಗುಡಿಸಿದ ಆ ಇಬ್ಬರು. ಸಂಜೆ ಐದೂವರೆಯಿಂದ ಕತ್ತಲಾಗುವವರೆಗೆ ಕಾಗದದ ತಟ್ಟೆ, ಲೋಟಗಳನ್ನು ಹೆಕ್ಕಿದ್ದರು. ಖಾಲಿ ಬಿಲ್ಲನ್ನು ತುಂಬಿದರೆ ಅವರು ಬಂದದ್ದೇ ಇಲ್ಲ. ಅವರಿಗೆ ಕೊಟ್ಟ 500 ರೂಪಾಯಿ ಬಣ್ಣದ ಕಾಗದವಾಗಿ ಬಿಡುತ್ತದೆ.

ಇನ್ನೊಂದು ವಿಷಯವೂ ಹೊಳೆಯಿತು. ಆ ಕಾಗದದಲ್ಲಿ 2,800 ಬರೆಯುವಷ್ಟೇ ಸುಲಭವಾಗಿ 3,800 ಎಂದೂ ಬರೆಯಬಹುದಿತ್ತು. ಬರೆದಿದ್ದರೆ ಕಚೇರಿಯವರಿಗೆ ಯಾವ ವ್ಯತ್ಯಾಸವೂ ಕಾಣುತ್ತಿರಲಿಲ್ಲ. ಅಂದರೆ ಆ ಬಿಲ್ ನನ್ನನ್ನೂ ಒಬ್ಬ ಕಳ್ಳ ಖಜಾಂಚಿಯನ್ನೂ ಒಂದೇ ಥರ ತೋರಿಸುತ್ತದೆ. ನಾನು ತಿಂದಿಲ್ಲ ಎಂಬುದಕ್ಕೆ ಇದ್ದ ಏಕೈಕ ಪುರಾವೆಯನ್ನು ನಾನೇ ಅಳಿಸಿದಂತಾಗುತ್ತಿತ್ತು.

ತುಂಬಬಾರದು ಎಂದು ಆ ರಾತ್ರಿಯೇ ನಿರ್ಧಾರವಾಯಿತು. ಆದರೆ ಅಷ್ಟಕ್ಕೆ ಮುಗಿಯಲಿಲ್ಲ. ನನ್ನ ಪ್ರಾಮಾಣಿಕತೆಯ ಖರ್ಚು ನನ್ನ ಜೇಬಿನಿಂದ ಹೋಗುತ್ತಿದ್ದರೆ ಬೇರೆ ಮಾತು. ಇಲ್ಲಿ ಹೋಗುವುದು ಗೆಳತಿಯ ಮನೆಯಿಂದ. ಅವಳನ್ನು ಕೇಳದೆ ಅವಳ ಹಣದಲ್ಲಿ ನಾನು ಸಾಚಾ ಎನಿಸಿಕೊಳ್ಳುವ ಹಕ್ಕು ನನಗಿದೆಯೇ? ಬಿಲ್ ತುಂಬಬೇಕೇ ಬೇಡವೇ ಎಂಬುದಕ್ಕಿಂತ ಈ ಪ್ರಶ್ನೆಯೇ ನನಗೆ ಹೆಚ್ಚು ಕಷ್ಟವಾದದ್ದು.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಖಾಲಿ ಬಿಲ್ಲನ್ನೂ ತೋರಿಸಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ನೀನು ಹೇಳೋದು ಸರಿನೇ ಇರಬಹುದು ಕಣೇ, ಆದ್ರೆ ಸೋಮವಾರ ಸಂಘದವರು ಬಂದು ಬಾಗಿಲಲ್ಲಿ ಕೂರ್ತಾರೆ. ಅಮ್ಮ ಅವರಿಗೆ ಏನಂತ ಹೇಳಬೇಕು?’ ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ತರುತ್ತೇನೆ, ಅಲ್ಲಿಯವರೆಗೆ ಏನೂ ಮಾಡುವುದಿಲ್ಲ ಎಂದು ಹೇಳಿ ಬಂದೆ.

ಉತ್ತರ ಎರಡು ತುಂಡಾಗಿ ಸಿಕ್ಕಿತು. ಊಟದ ಬಿಡುವಿನಲ್ಲಿ ಸಂಘದ ಸಮಿತಿಯ ಹದಿನಾಲ್ಕು ಜನರನ್ನೂ ಕರೆದು, ಕಚೇರಿ ಈ ಖರ್ಚನ್ನು ಒಪ್ಪದಿದ್ದರೆ ನಷ್ಟವನ್ನು ನಾವೆಲ್ಲ ಸಮನಾಗಿ ಹಂಚಿಕೊಳ್ಳೋಣ ಎಂದೆ. ಪೂರ್ತಿ 2,800 ಹೋದರೂ ತಲೆಗೆ 200 ರೂಪಾಯಿ. ಇಬ್ಬರು ಗೊಣಗಿದರು. ‘ಹೂವು ನಮ್ಮೆಲ್ಲರ ವೇದಿಕೆಗೆ ತಾನೇ ಬಂದದ್ದು’ ಎಂದು ಅಧ್ಯಕ್ಷೆ ಹೇಳಿದ ಮೇಲೆ ನಿರ್ಣಯ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು. ಇನ್ನು ಸೋಮವಾರದ ಕಂತು. ಅದಕ್ಕೆ ಅಬ್ಬಾನನ್ನು ಕೇಳಿದೆ. ಅವರು ಪೂರ್ತಿ ಕಥೆ ಕೇಳಿಸಿಕೊಂಡು 1,200 ರೂಪಾಯಿ ಕೊಟ್ಟು, ‘ಸಂಘದ ಪುಸ್ತಕದಲ್ಲಿ ಬರೆಯಬೇಡ ಬೇಟಾ, ಇದು ಎರಡು ಮನೆಗಳ ಕೈಗಡ’ ಎಂದರು. ತಮ್ಮ ಚಿಕ್ಕ ಪುಸ್ತಕದಲ್ಲಿ ಮಾತ್ರ ಬರೆದುಕೊಂಡರು. ಅಮಾನತ್ತಿನ ಹಣವನ್ನೂ ಸ್ವಂತ ಹಣವನ್ನೂ ಒಂದೇ ಡಬ್ಬಿಯಲ್ಲಿ ಇಡಬಾರದೆಂಬುದು ಅವರ ಹಳೆಯ ಕಟ್ಟುನಿಟ್ಟು.

ಇಷ್ಟಾದ ಮೇಲೆ ಗೆಳತಿ ಒಪ್ಪಿದಳು. ಆಗಲೇ ನಿಜವಾದ ಕೆಲಸ ಶುರುವಾದದ್ದು.

ಪ್ರಥಮ ಪಿಯು ಲೆಕ್ಕಶಾಸ್ತ್ರದಲ್ಲಿ ಮೂಲ ದಾಖಲೆ ಮತ್ತು ವೋಚರ್ ಎಂಬ ಪಾಠವನ್ನು ನಾವೆಲ್ಲ ಓದಿದ್ದೇವೆ, ಎರಡು ಅಂಕದ ಪ್ರಶ್ನೆ ಎಂದು ಗುರುತು ಹಾಕಿ ಮುಂದೆ ಹೋಗಿದ್ದೇವೆ. ಸಣ್ಣಪುಟ್ಟ ಖರ್ಚುಗಳಿಗೆ ಹೊರಗಿನ ದಾಖಲೆ ಸಿಗದಿದ್ದರೆ ಸಂಸ್ಥೆಯೇ ವೋಚರ್ ತಯಾರಿಸಿ, ವಿವರ ಬರೆದು, ಅಧಿಕಾರವಿರುವವರಿಂದ ಒಪ್ಪಿಗೆ ಪಡೆಯಬಹುದು ಎಂಬುದು ಅದರಲ್ಲೇ ಇದೆ. ಬಿಲ್ ಎಂದರೆ ಮಾರಿದವರು ಬರೆಯುವುದು. ವೋಚರ್ ಎಂದರೆ ಹಣ ಕೊಟ್ಟವರು ಬರೆದು, ಪಡೆದವರಿಂದ ಸಹಿ ಹಾಕಿಸಿಕೊಳ್ಳುವುದು. ಕ್ರಮಸಂಖ್ಯೆ, ದಿನಾಂಕ, ಯಾರಿಗೆ, ಯಾತಕ್ಕೆ, ಎಷ್ಟು ಪ್ರಮಾಣ, ಯಾವ ದರ, ಅಂಕೆಯಲ್ಲೂ ಅಕ್ಷರದಲ್ಲೂ ಮೊತ್ತ, ಪಡೆದವರ ಸಹಿ, ಕೊಟ್ಟವರ ಸಹಿ, ಮಂಜೂರು ಮಾಡಿದವರ ಸಹಿ, ಇಷ್ಟಿದ್ದರೆ ಅದಕ್ಕೆ ಬೆಲೆ. ಸ್ವೀಕೃತಿ 5,000 ರೂಪಾಯಿ ದಾಟಿದರೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಬೇಕು, ನಮ್ಮ ಮೊತ್ತಗಳಿಗೆ ಅದು ಬೇಕಿರಲಿಲ್ಲ.

ಆಟೋದ್ದು ಸುಲಭವಾಯಿತು. ಗೆಳತಿ ಆ 900 ರೂಪಾಯಿಯನ್ನು ಅಮ್ಮನ ಮೊಬೈಲಿನಿಂದ ಕಳಿಸಿದ್ದಳು. ಯುಪಿಐ ಪಾವತಿಯ ಚಿತ್ರದಲ್ಲಿ ದಿನಾಂಕ, ಸಮಯ, ಪಡೆದವರ ಹೆಸರು, ಹನ್ನೆರಡು ಅಂಕೆಯ ಉಲ್ಲೇಖ ಸಂಖ್ಯೆ ಎಲ್ಲವೂ ಇತ್ತು. ಅದನ್ನು ಮುದ್ರಿಸಿ ವೋಚರ್‌ಗೆ ಅಂಟಿಸಿದೆ. ಆಟೋದವರು ಕಾಲೇಜಿನ ಗೇಟಿಗೇ ಬಂದು ಸಹಿ ಹಾಕಿ ಹೋದರು.

ಗುಡಿಸಿದವರಲ್ಲಿ ಒಬ್ಬರು ತಮ್ಮ ಹೆಸರನ್ನು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಬರೆದರು. ಇನ್ನೊಬ್ಬರು ಹೆಬ್ಬೆಟ್ಟು ಒತ್ತಿದರು. ಹೆಬ್ಬೆಟ್ಟಿನ ಪಕ್ಕದಲ್ಲಿ ಅದು ಯಾರದೆಂದು ಬರೆದು ಎದುರಿಗಿದ್ದ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ನಮ್ಮ ಗ್ರಂಥಪಾಲಕರು ಹಾಕಿದರು. ಯಾಕೆ ಇದೆಲ್ಲ ಎಂದು ಅವರು ಕೇಳಿದಾಗ, ‘ಅಮ್ಮಾ, ನೀವು ಕೆಲಸ ಮಾಡಿದ್ದೀರಿ ಅಂತ ಪುಸ್ತಕದಲ್ಲಿ ಇರಬೇಕಲ್ಲ’ ಎಂದೆ. ‘ಇರ್ಲಿ ಬಿಡವ್ವಾ’ ಎಂದು ಸೆರಗಿಗೆ ಬೆರಳು ಒರೆಸಿಕೊಂಡರು.

ಹೂವಿನದು ಆಗಲೇ ಇಲ್ಲ. ಮಾರುಕಟ್ಟೆಗೆ ನಾವಿಬ್ಬರೂ ಹೋದೆವು. ಚೆಂಡುಹೂವಿನ ಮಾಲೆ 20 ಮಾರು, ಮಾರಿಗೆ 50ರಂತೆ 1,000. ಬಿಡಿ ಹೂವು 2 ಕಿಲೋ, ಕಿಲೋಗೆ 200ರಂತೆ 400. ಹೂವಿನಾಕೆಗೆ ಎಲ್ಲ ನೆನಪಿತ್ತು, ದರವನ್ನೂ ಅವರೇ ಹೇಳಿದರು. ಆದರೆ ವೋಚರ್ ನೋಡಿದ ಕೂಡಲೇ ಕೈ ಹಿಂದೆ ತೆಗೆದುಕೊಂಡರು. ‘ಸೈನ್ ಯಾಕವ್ವಾ? ನಾಳೆ ಯಾರಾರ ಬಂದು ಟ್ಯಾಕ್ಸು ಕಟ್ಟು ಅಂದ್ರೆ ನಾ ಎಲ್ಲಿ ಹೋಗ್ಲಿ?’ ಹಾಗೇನೂ ಆಗುವುದಿಲ್ಲ ಎಂದು ವಿವರಿಸಿದೆವು. ಅವರು ಒಪ್ಪಲಿಲ್ಲ. ಬೇಕಾದರೆ ಇನ್ನೆರಡು ಮೊಳ ಹೂವು ತಗೊಂಡು ಹೋಗಿ ಎಂದರು.

ದಾರಿಯಲ್ಲಿ ಗೆಳತಿ, ‘ನಾವೇ ಒಂದು ಸಹಿ ಗೀಚಿಬಿಡೋಣವಾ?’ ಎಂದಳು. ತಮಾಷೆಗೆ ಹೇಳಿದಳೋ ನಿಜವಾಗಿಯೋ ಗೊತ್ತಾಗಲಿಲ್ಲ. ಹಾಗೆ ಮಾಡಿದ್ದರೆ ಖಾಲಿ ಬಿಲ್ಲೇ ವಾಸಿ, ಅದರಲ್ಲಾದರೂ ಅಂಗಡಿಯವರ ಸಹಿ ನಿಜವಾದದ್ದು. ಕೊನೆಗೆ ಹೂವಿನ ವೋಚರ್‌ನಲ್ಲಿ ಪಡೆದವರ ಸಹಿಯ ಜಾಗದಲ್ಲಿ ‘ಸಹಿ ಹಾಕಲು ಒಪ್ಪಲಿಲ್ಲ’ ಎಂದೇ ಬರೆದೆ. ಪ್ರಮಾಣ, ದರ, ಮಾರುಕಟ್ಟೆಯಲ್ಲಿ ಕೂರುವ ಜಾಗ ಬರೆದು, ಹೂವು ತರುವಾಗ ಜೊತೆಗಿದ್ದ ಇಬ್ಬರ ಸಹಿ ಹಾಕಿಸಿ, ವೇದಿಕೆಯ ಫೋಟೋ ಅಂಟಿಸಿದೆ. ಮೂರರಲ್ಲಿ ಇದೇ ದುರ್ಬಲ ಎಂದು ನನಗೆ ಗೊತ್ತಿತ್ತು.

ಉಸ್ತುವಾರಿ ಉಪನ್ಯಾಸಕರ ಮೂಲಕ ಪ್ರಾಂಶುಪಾಲರಿಗೆ ಒಂದು ಪತ್ರ ಬರೆದೆವು. ಬಿಲ್ ಏಕೆ ಸಿಗುವುದಿಲ್ಲ, ಬದಲಿಗೆ ಏನು ಕೊಡುತ್ತಿದ್ದೇವೆ, ಅದರಲ್ಲಿ ಯಾವುದು ಅಪೂರ್ಣ, ಎಲ್ಲವನ್ನೂ ನಾವೇ ಹೇಳಿದೆವು. ಒಂಬತ್ತು ದಿನ ಬೇಕಾಯಿತು. ಆಟೋದ 900 ಮತ್ತು ಗುಡಿಸಿದವರ 500 ಮಂಜೂರಾದವು. ಹೂವಿನ 1,400 ಆಗಲಿಲ್ಲ. ಪಡೆದವರ ಸಹಿ ಇಲ್ಲದ ವೋಚರನ್ನು ಒಮ್ಮೆ ಒಪ್ಪಿದರೆ ಎಲ್ಲರೂ ಅದನ್ನೇ ತರುತ್ತಾರೆ ಎಂದು ಪ್ರಾಂಶುಪಾಲರು ಹೇಳಿದರಂತೆ. ನನಗೆ ಬೇಸರವಾಯಿತು, ಆದರೆ ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ಬಹುಶಃ ಅದನ್ನೇ ಹೇಳುತ್ತಿದ್ದೆ.

ಲೆಕ್ಕ ಮುಗಿದದ್ದು ಹೀಗೆ. ಕಚೇರಿ ಒಪ್ಪಿದ ಒಟ್ಟು ಖರ್ಚು 10,800. ಮುಂಗಡ ಕಳೆದು ನನಗೆ ಬಂದದ್ದು 800. ಮುಂಗಡದಲ್ಲಿ ಉಳಿದು ನನ್ನ ಕೈಯಲ್ಲಿದ್ದದ್ದು 100. ಹದಿನಾಲ್ಕು ಜನ ತಲಾ 100ರಂತೆ ಹಾಕಿದ್ದು 1,400. ಒಟ್ಟು 2,300 ರೂಪಾಯಿಯನ್ನು ಗೆಳತಿಯ ಅಮ್ಮನಿಗೆ ಕೊಟ್ಟೆವು. ಅದರಲ್ಲಿ 1,200 ಅಂದೇ ಸಂಜೆ ಅಬ್ಬಾನ ಚಿಕ್ಕ ಪುಸ್ತಕಕ್ಕೆ ವಾಪಸ್ ಬಂತು. ಹಂಚಿಕೆಯಲ್ಲಿ ಗೆಳತಿಯೂ ತನ್ನ 100 ಹಾಕಿದ್ದಳು. ‘ನಿನ್ನ ಸತ್ಯಕ್ಕೆ ನಾನೂ ನೂರು ರೂಪಾಯಿ ಕೊಟ್ಟೆ ನೋಡು’ ಎಂದಳು. ನಗುತ್ತಲೇ ಅಂದಳು, ಆದರೂ ಅದು ಪೂರ್ತಿ ನಗು ಆಗಿರಲಿಲ್ಲ. ಅವಳ ಮಾತಿಗೆ ನಾನು ಏನೂ ಹೇಳಲಿಲ್ಲ, ಯಾಕೆಂದರೆ ಅದು ನಿಜ.

ಫಾರಂನ ಪುಟದಲ್ಲಿ ಬರೆಯಲು ಜಾಗವಿಲ್ಲದೆ ಬಿಟ್ಟದ್ದು ಇನ್ನೊಂದಿದೆ. ಲೆಕ್ಕ ಒಪ್ಪಿಸುವ ಮಾದರಿ ಎಂದು ನನಗೆ ಒಂದು ಹಳೆಯ ಫೈಲ್ ಕೊಟ್ಟಿದ್ದರು. ಅದರಲ್ಲಿ ಒಂದೇ ಅಂಗಡಿಯ ನಾಲ್ಕು ಬಿಲ್‌ಗಳು, ಸಂಖ್ಯೆ 412ರಿಂದ 415. ಒಂದರ ಹಿಂದೆ ಒಂದು ಬರುವ ಸಂಖ್ಯೆಗಳು, ಆದರೆ ದಿನಾಂಕಗಳ ನಡುವೆ ಎರಡು ತಿಂಗಳ ಅಂತರ. ಎರಡು ತಿಂಗಳಲ್ಲಿ ಆ ಅಂಗಡಿಗೆ ನಾವು ಬಿಟ್ಟು ಬೇರೆ ಗಿರಾಕಿಯೇ ಬರಲಿಲ್ಲವೇ? ನಾಲ್ಕಕ್ಕೂ ಒಂದೇ ಪೆನ್ನು, ಒಂದೇ ಕೈಬರಹ, ಎಲ್ಲ ಮೊತ್ತಗಳೂ ಸೊನ್ನೆಯಲ್ಲಿ ಮುಗಿಯುವಂಥವು. ಖಾಲಿ ಬಿಲ್ ಹೇಗೆ ಕಾಣುತ್ತದೆ ಎಂದು ತಿಳಿದ ಮೇಲೆ ಇದು ತಾನಾಗಿ ಕಣ್ಣಿಗೆ ಬೀಳುತ್ತದೆ.

ಇದನ್ನು ಹೇಳಬೇಕೇ? ಆ ಖರ್ಚು ಸುಳ್ಳು ಎಂಬುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ, ಅವರೂ ನನ್ನ ಹಾಗೆಯೇ ಬಿಲ್ ಸಿಗದೆ ಸಿಕ್ಕಿಕೊಂಡಿರಬಹುದು. ಮೊದಲು ಭಾಯ್ ಅವರನ್ನೇ ನೇರವಾಗಿ ಕೇಳಿದೆ. ಮುಖ ಸಣ್ಣದು ಮಾಡಿಕೊಂಡು, ಸಾಮಾನು ಹೊತ್ತ ಹುಡುಗರಿಗೆ ಕೊಟ್ಟದ್ದು, ಅವರ ಹೆಸರೂ ಈಗ ನೆನಪಿಲ್ಲ ಎಂದರು. ನಾನು ನಂಬಿದೆ. ದೂರು ಕೊಡಲಿಲ್ಲ. ಆದರೆ ಉಪನ್ಯಾಸಕರ ಬಳಿ ಹೋಗಿ, ಯಾರ ಹೆಸರನ್ನೂ ಎತ್ತದೆ, ಬಿಲ್ ಸಿಗದ ಖರ್ಚಿಗೆ ದಾರಿಯೇ ಇಲ್ಲದಿದ್ದರೆ ಖಜಾಂಚಿಗಳು ಖಾಲಿ ಬಿಲ್ ಹುಡುಕುತ್ತಾರೆ ಸರ್, ನನಗೂ ಒಂದು ಬಂದಿತ್ತು ಎಂದೆ. ಇಷ್ಟೇ ಸಾಕಾಗಿತ್ತೇ ಎಂದು ಈಗಲೂ ಕೆಲವೊಮ್ಮೆ ಅನಿಸುತ್ತದೆ. ಇನ್ನೂ ಹೇಳಿದ್ದರೆ ನನಗೆ ತಿಳಿಯದ್ದನ್ನು ಹೇಳಿದಂತಾಗುತ್ತಿತ್ತು.

ಜನವರಿಯಿಂದ ಸಂಘಗಳಿಗೆ ಚಿಲ್ಲರೆ ನಗದು ಎಂದು 1,500 ರೂಪಾಯಿ ಬೇರೆ ಕೊಡುತ್ತಿದ್ದಾರೆ. ಖರ್ಚಾದಷ್ಟಕ್ಕೆ ವೋಚರ್ ಕೊಟ್ಟರೆ ಅಷ್ಟನ್ನೇ ಮತ್ತೆ ತುಂಬಿಕೊಡುತ್ತಾರೆ, ನಮ್ಮ ಪುಸ್ತಕದ ಇಂಪ್ರೆಸ್ಟ್ ಪದ್ಧತಿ ಇದೇ. ಯಾವ ಕ್ಷಣದಲ್ಲಿ ಎಣಿಸಿದರೂ ಡಬ್ಬಿಯ ನಗದು ಮತ್ತು ವೋಚರ್‌ಗಳು ಕೂಡಿ 1,500 ಆಗಬೇಕು, ಆಗದಿದ್ದರೆ ಅಂದೇ ಗೊತ್ತಾಗುತ್ತದೆ. ಕ್ರಮಸಂಖ್ಯೆ ಮುದ್ರಿಸಿದ ವೋಚರ್ ಪುಸ್ತಕವೂ ಬಂದಿದೆ, ಹಾಳೆ ಹರಿದರೆ ಸಂಖ್ಯೆ ತಪ್ಪುತ್ತದೆ. ಸಹಿಗೆ ಹೆದರುವವರಿಗೆ ಏನು ಮಾಡುವುದು ಎಂಬುದಕ್ಕೆ ಮಾತ್ರ ಇನ್ನೂ ದಾರಿ ಸಿಕ್ಕಿಲ್ಲ. ಗಣರಾಜ್ಯೋತ್ಸವದ ಹೂವನ್ನು ಬಿಲ್ ಕೊಡುವ ಅಂಗಡಿಯಿಂದ ತಂದೆವು, ಮಾರಿಗೆ 70 ರೂಪಾಯಿ ಆಯಿತು. ಮಾರುಕಟ್ಟೆಯ ಆ ಅಮ್ಮನ ವ್ಯಾಪಾರ ತಪ್ಪಿತು, ನಮಗೂ ಮಾರಿಗೆ 20 ರೂಪಾಯಿ ಹೆಚ್ಚಾಯಿತು.

ಖಾಲಿ ಬಿಲ್ಲನ್ನು ಭಾಯ್ ಅವರ ಕೈಗೇ ವಾಪಸ್ ಕೊಟ್ಟೆ. ನನ್ನ ಫೈಲಿನಲ್ಲಿ ಹೂವಿನ ವೋಚರ್, ಸಂಖ್ಯೆ 3, ‘ನಾಮಂಜೂರು, ಸದಸ್ಯರು ಭರಿಸಿದ್ದಾರೆ’ ಎಂಬ ಟಿಪ್ಪಣಿಯೊಂದಿಗೆ ಹಾಗೆಯೇ ಇದೆ. ಮುಂದಿನ ವರ್ಷದ ಖಜಾಂಚಿ ಫೈಲ್ ತೆರೆದಾಗ ಹೂವಿಗೆ 1,400 ರೂಪಾಯಿ ಬೇಕಾಗಿತ್ತು ಎಂಬುದು ಕಾಣುತ್ತದೆ.